ಹೋಟೆಲಿನ ಮೆನು ಬೋರ್ಡು, ಪೋಸ್ಟರಿಗೆ ಫಾಂಟ್ ಜೋಡಿಸುವುದು: ದೂರದಿಂದಲೂ ಕನ್ನಡ ಓದಿಸಬೇಕಾದರೆ

ದರ್ಶಿನಿಯ ಬಿಲ್ ಕೌಂಟರಿನ ಮೇಲಿನ ಬೋರ್ಡನ್ನು ಯಾರೂ ನಿಂತು ಓದುವುದಿಲ್ಲ. ಸಾಲಿನಲ್ಲಿ ಮುಂದೆ ಸರಿಯುತ್ತ, ಎದುರಿನವರ ತಲೆಯ ಮೇಲಿಂದ ಕಣ್ಣಾಡಿಸಿ, ತಮ್ಮ ಸರದಿ ಬರುವಷ್ಟರಲ್ಲಿ ಏನು ಬೇಕೆಂದು ತೀರ್ಮಾನಿಸಿರುತ್ತಾರೆ. ಅಲ್ಲಿ ಫಾಂಟಿನ ಅಂದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ನಾಲ್ಕು ಮೀಟರ್ ದೂರದಿಂದ ‘ರೊಟ್ಟಿ’ಯ ಕೆಳಗಿನ ಒತ್ತು ಒತ್ತಾಗಿಯೇ ಕಾಣುತ್ತದೆಯೇ, ಇಲ್ಲ ಕಪ್ಪು ಚುಕ್ಕೆಯಾಗುತ್ತದೆಯೇ?

ಇಲ್ಲಿ ಒಂದು ದರ್ಶಿನಿಯ ಎಂಟು ಅಡಿ ಅಗಲ, ಮೂರು ಅಡಿ ಎತ್ತರದ ಗೋಡೆ ಮೆನು ಮತ್ತು ಬಾಗಿಲ ಬಳಿ ನಿಲ್ಲಿಸುವ ಎರಡು ಅಡಿಗೆ ಮೂರು ಅಡಿಯ ಪೋಸ್ಟರನ್ನು ಹಿಡಿದು, ಅಳತೆಯಿಂದ ಅಚ್ಚಿನವರೆಗೆ ಹೋಗೋಣ.

ಮೊದಲು ಟೇಪು, ಆಮೇಲೆ ಫಾಂಟು

ಅಂಗಡಿಗೆ ಹೋಗಿ ಬೋರ್ಡು ಬರುವ ಗೋಡೆಯಿಂದ ಎರಡು ದೂರಗಳನ್ನು ಅಳೆಯಿರಿ. ಒಂದು, ಬಿಲ್ ಕೊಡುವ ಜಾಗದಲ್ಲಿ ನಿಂತ ಗಿರಾಕಿಯ ಕಣ್ಣಿಗೆ. ಇನ್ನೊಂದು, ಸಾಲಿನಲ್ಲಿ ಯಾವ ಜಾಗದಿಂದ ಮೆನು ನೋಡಲು ಶುರು ಮಾಡುತ್ತಾರೋ ಅಲ್ಲಿಗೆ. ಲೆಕ್ಕ ಹಾಕಬೇಕಾದ್ದು ಎರಡನೆಯದರಿಂದ. ನಮ್ಮ ಉದಾಹರಣೆಯಲ್ಲಿ ಅದು 4 ಮೀಟರ್.

ಬೋರ್ಡು ಬರೆಯುವವರಲ್ಲಿ ಇಂಗ್ಲಿಷಿಗೆ ಒಂದು ಹಳೆಯ ರೂಢಿಯಿದೆ: ಆರಾಮಾಗಿ ಓದಬೇಕಾದರೆ ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ದೊಡ್ಡಕ್ಷರ. ಅಂದರೆ ದೂರದ ನೂರಿಪ್ಪತ್ತನೇ ಒಂದು ಭಾಗ. ಕನ್ನಡಕ್ಕೆ ಇದನ್ನು ಸ್ವಲ್ಪ ಹಿಗ್ಗಿಸಿ ನೂರನೇ ಒಂದು ಭಾಗ ಇಟ್ಟುಕೊಳ್ಳಿ. ಲೆಕ್ಕವೂ ಸುಲಭ: ಮೀಟರನ್ನು ಹತ್ತರಿಂದ ಗುಣಿಸಿದರೆ ಅಕ್ಷರದ ಎತ್ತರ ಮಿಲಿಮೀಟರಿನಲ್ಲಿ ಸಿಗುತ್ತದೆ. 4 ಮೀಟರಿಗೆ 40 ಮಿ.ಮೀ., 10 ಮೀಟರಿಗೆ 100 ಮಿ.ಮೀ.

ಎತ್ತರ ಅಂದರೆ ಯಾವುದರ ಎತ್ತರ ಎಂಬುದೇ ಇಲ್ಲಿ ಎಲ್ಲರೂ ಎಡವುವ ಜಾಗ. ಗುಣಿತವೂ ಒತ್ತೂ ಇಲ್ಲದ ‘ಗ’ ಅಕ್ಷರವನ್ನು ಅಳತೆಗೋಲಾಗಿ ಹಿಡಿಯಿರಿ: ಅಡಿಯಿಂದ ತಲೆಕಟ್ಟಿನ ತುದಿಯವರೆಗೆ. ಪಾಯಿಂಟ್ ಸೈಜನ್ನು ನಂಬಬೇಡಿ. ಒಂದೇ 100 ಪಾಯಿಂಟಿನಲ್ಲಿ ಎರಡು ಫಾಂಟುಗಳ ‘ಗ’ ಬೇರೆ ಬೇರೆ ಎತ್ತರಕ್ಕೆ ನಿಲ್ಲುತ್ತದೆ, ಏಕೆಂದರೆ ಪಾಯಿಂಟ್ ಸೈಜಿನಲ್ಲಿ ಒತ್ತಕ್ಷರಕ್ಕೆ ಬಿಟ್ಟ ಜಾಗವೂ ಸೇರಿರುತ್ತದೆ, ಅದನ್ನು ಎಷ್ಟು ಬಿಡಬೇಕೆಂಬುದು ಫಾಂಟ್ ಮಾಡಿದವರ ತೀರ್ಮಾನ. ಇಂಕ್‌ಸ್ಕೇಪ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ‘ಗ’ ಒಂದನ್ನೇ ಟೈಪ್ ಮಾಡಿ, ಅದನ್ನು ಆಕೃತಿಯಾಗಿ ಬದಲಿಸಿ, ಮೇಲಿನ ಪಟ್ಟಿಯ `H` ಚೌಕದಲ್ಲಿ ಮಿಲಿಮೀಟರ್ ನೋಡಿ. 40 ಬರದಿದ್ದರೆ `Ctrl+Z` ಒತ್ತಿ ಮತ್ತೆ ಅಕ್ಷರವಾಗಿಸಿ, ಸೈಜ್ ಬದಲಿಸಿ, 40 ಬರುವ ತನಕ ಹೀಗೇ ಅಳೆಯಿರಿ. ಆ ಪಾಯಿಂಟ್ ಸಂಖ್ಯೆ ಆ ಫಾಂಟಿಗೆ ಮಾತ್ರ ಸರಿ. ಫಾಂಟ್ ಬದಲಾದರೆ ಮತ್ತೆ ಅಳೆಯಬೇಕು.

ಓದಿಸುವುದು ಗೆರೆಯಲ್ಲ, ಸಂದು

ಒಳ್ಳೆಯ ಕಣ್ಣಿಗೆ ಎರಡು ಗೆರೆಗಳು ಬೇರೆ ಬೇರೆಯಾಗಿ ಕಾಣಬೇಕಾದರೆ ನಡುವಿನ ಸಂದು ಕಣ್ಣಿನಲ್ಲಿ ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟಾದರೂ ಇರಬೇಕು. ಕಣ್ಣಿನ ಡಾಕ್ಟರ ಚಾರ್ಟು ನಿಂತಿರುವುದು ಇದೇ ಲೆಕ್ಕದ ಮೇಲೆ. 4 ಮೀಟರ್ ದೂರದಲ್ಲಿ ಅದು 1.2 ಮಿಲಿಮೀಟರಿನಷ್ಟು. ಆದರೆ ಅದು ನಿಂತು, ದಿಟ್ಟಿಸಿ, ಒಳ್ಳೆಯ ಬೆಳಕಿನಲ್ಲಿ ನೋಡಿದಾಗಿನ ಮಾತು. ಅಡುಗೆಮನೆಯ ಹಬೆ, ಟ್ಯೂಬ್‌ಲೈಟಿನ ಮಿಂಚು, ಅರವತ್ತು ದಾಟಿದ ಕಣ್ಣು, ಕ್ಷಣದ ನೋಟ ಇವೆಲ್ಲ ಸೇರಿದಾಗ ಅದರ ಎರಡೂವರೆ ಪಟ್ಟಾದರೂ ಬೇಕು. ಹಾಗಾಗಿ ನಿಯಮ ಇದು: 4 ಮೀಟರಿನ ಬೋರ್ಡಿನಲ್ಲಿ ಅಕ್ಷರದೊಳಗಿನ ಅತಿ ಚಿಕ್ಕ ಬಿಳಿ ಸಂದು 3 ಮಿಲಿಮೀಟರಿಗಿಂತ ಕಡಿಮೆ ಇರಬಾರದು.

ಇಂಗ್ಲಿಷ್ ಬೋರ್ಡಿಗೆ ಇದು ತಲೆನೋವೇ ಅಲ್ಲ. ಕನ್ನಡದಲ್ಲಿ ಅತಿ ಚಿಕ್ಕ ಸಂದು ಇರುವುದು ಒತ್ತಕ್ಷರದೊಳಗೆ. ‘ಬೆಣ್ಣೆ’ ಪದವನ್ನೇ ದೊಡ್ಡದು ಮಾಡಿ ನೋಡಿ. ಮೇಲಿನ ‘ಣ’ದ ಸುರುಳಿಗಳು 40 ಮಿ.ಮೀ. ಎತ್ತರದಲ್ಲಿ ಹರಡಿಕೊಂಡಿರುತ್ತವೆ, ಅದರ ಕೆಳಗೆ ಅದೇ ಸುರುಳಿಗಳ ಒತ್ತು ಹೆಚ್ಚುಕಡಿಮೆ ಅರ್ಧ ಎತ್ತರದಲ್ಲಿ ಮುದುರಿ ಕುಳಿತಿರುತ್ತದೆ. ಎತ್ತರ ಅರ್ಧವಾದರೂ ಗೆರೆಯ ದಪ್ಪ ಅರ್ಧವಾಗುವುದಿಲ್ಲ. ತುಂಬ ತೆಳುವಾದರೆ ಒತ್ತು ಬೇರೆ ಫಾಂಟಿನದ್ದೇನೋ ಎನ್ನಿಸುವುದರಿಂದ ಫಾಂಟ್ ಮಾಡುವವರು ಅದನ್ನು ಸ್ವಲ್ಪ ದಪ್ಪವಾಗಿಯೇ ಉಳಿಸುತ್ತಾರೆ. ಕೊರತೆಯೆಲ್ಲ ಸಂದಿನ ಮೇಲೆ ಬೀಳುತ್ತದೆ. ‘ದೂರದಿಂದ ಕಾಣಲಿ’ ಎಂದು ಅತಿ ದಪ್ಪ ಫಾಂಟ್ ಹಾಕಿದ ಬೋರ್ಡುಗಳು ದೂರದಿಂದಲೇ ಕಾಣದಂತಾಗುವುದು ಇದರಿಂದ. ದಪ್ಪ ಹೆಚ್ಚಿದಂತೆ ಅಕ್ಷರ ಇದೆ ಎಂಬುದು ಗೊತ್ತಾಗುತ್ತದೆ, ಯಾವ ಅಕ್ಷರ ಎಂಬುದು ಗೊತ್ತಾಗುವುದಿಲ್ಲ.

ಒತ್ತಿಲ್ಲದ ಕಡೆಯೂ ಇದೇ ಕಥೆ. ‘ಪ’ ಮತ್ತು ‘ಷ’ಕ್ಕೆ ಒಳಗಿನ ಒಂದು ಗೆರೆ, ‘ದ’ ಮತ್ತು ‘ಧ’ಕ್ಕೆ, ‘ಬ’ ಮತ್ತು ‘ಭ’ಕ್ಕೆ ಕೆಳಗಿನ ಒಂದು ಸೀಳು ಮಾತ್ರ ವ್ಯತ್ಯಾಸ. ಆ ಸೀಳು ಮುಚ್ಚಿಹೋದರೆ ಅಕ್ಷರವೇ ಬದಲಾಗುತ್ತದೆ.

ಮೂರು ಕೆಲಸ, ಎರಡು ಕುಟುಂಬ

ಮೆನುವಿನಲ್ಲಿ ಅಕ್ಷರಗಳಿಗೆ ಮೂರು ಕೆಲಸ: ತಿಂಡಿಯ ಕನ್ನಡ ಹೆಸರು, ಅದರ ಇಂಗ್ಲಿಷ್ ಹೆಸರು ಹಾಗೂ ಬೆಲೆ, ಮತ್ತು ಹೋಟೆಲಿನ ಹೆಸರು ಅಥವಾ ದೊಡ್ಡ ತಲೆಬರಹ. ಮೊದಲೆರಡು ಒಂದೇ ಕುಟುಂಬದ ಫಾಂಟಿನಲ್ಲಿರಲಿ, ಮೂರನೆಯದಕ್ಕೆ ಮಾತ್ರ ಇನ್ನೊಂದು ಕುಟುಂಬ. ಇದಕ್ಕಿಂತ ಹೆಚ್ಚು ಫಾಂಟ್ ಹಾಕುವ ಕಾರಣ ಗೋಡೆ ಮೆನುವಿನಲ್ಲಿ ಸಿಗುವುದಿಲ್ಲ.

ಮೊದಲ ಕುಟುಂಬಕ್ಕೆ ಅನೇಕ್ ಕನ್ನಡ ಒಳ್ಳೆಯ ಆಯ್ಕೆ. ಎಕ್ ಟೈಪ್ ಸಂಸ್ಥೆಯವರು ಮಾಡಿದ್ದು, ಗೂಗಲ್ ಫಾಂಟ್ಸ್‌ನಲ್ಲಿ `Anek Kannada` ಎಂದು ಹುಡುಕಿದರೆ ಉಚಿತವಾಗಿ ಸಿಗುತ್ತದೆ, ಅಂಗಡಿ ಬೋರ್ಡಿಗೂ ಬಳಸಬಹುದು. ಇದರ ಜೊತೆಗಾರ `Anek Latin` ಅದೇ ಕೈಯಲ್ಲಿ ಮೂಡಿದ ಇಂಗ್ಲಿಷ್ ಫಾಂಟು. ಎರಡರ ದಪ್ಪವೂ ಒಂದಕ್ಕೊಂದು ಹೊಂದುವಂತೆ ಮಾಡಿರುವುದರಿಂದ ಕನ್ನಡದ ಪಕ್ಕ ಇಂಗ್ಲಿಷ್ ಕಿರುಚುವುದಿಲ್ಲ. ಇನ್ನೊಂದು ಅನುಕೂಲ, ಅಗಲವನ್ನು ಕಿರಿದು ಮಾಡಿದ ರೂಪಗಳು ಫಾಂಟಿನೊಳಗೇ ಇವೆ. ಸಾಲು ಹಿಡಿಸದಿದ್ದಾಗ ಮೌಸಿನಲ್ಲಿ ಹಿಡಿದು ಅಡ್ಡಡ್ಡ ಹಿಸುಕಿದರೆ ನಿಂತ ಗೆರೆಗಳು ತೆಳುವಾಗಿ ಮಲಗಿದ ಗೆರೆಗಳು ಹಾಗೇ ಉಳಿಯುತ್ತವೆ, ದುಂಡಗಿನ ಅಕ್ಷರಗಳು ಮೊಟ್ಟೆಯಾಗುತ್ತವೆ. ಕಿರಿದಾದ ರೂಪ ಬಳಸಿದರೆ ಆ ತೊಂದರೆ ಇಲ್ಲ. ಇದು ಹಿಡಿಸದವರಿಗೆ ನೋಟೋ ಸ್ಯಾನ್ಸ್ ಕನ್ನಡ ಮತ್ತು ಅದರ ಇಂಗ್ಲಿಷ್ ಜೊತೆಗಾರ ನೋಟೋ ಸ್ಯಾನ್ಸ್ ಇವೆ.

ತಲೆಬರಹಕ್ಕೆ ಬಾಲೂ ತಮ್ಮ 2 ಹಾಕಿ. ದುಂಡಗೆ, ದಪ್ಪಗೆ, ಇಡ್ಲಿಯಂತೆ ತುಂಬಿಕೊಂಡ ಅಕ್ಷರಗಳು. ದೊಡ್ಡದಾಗಿ ಒಂದೆರಡು ಪದ ಬರೆಯುವಾಗ ಇದರ ಮೈಕಟ್ಟು ಅನೇಕ್‌ಗಿಂತ ಬೇರೆ ಎಂದು ತಕ್ಷಣ ಗೊತ್ತಾಗುತ್ತದೆ. ಜೋಡಿ ಅಂದರೆ ಅಷ್ಟೇ ಬೇಕು: ಒಂದು ಮಾತು ಹೇಳಲು, ಇನ್ನೊಂದು ವಿವರ ಕೊಡಲು. ತೀರಾ ಹೋಲುವ ಎರಡು ಫಾಂಟ್ ಜೋಡಿಸಿದರೆ ಅದು ಜೋಡಿಯಂತಲ್ಲ, ತಪ್ಪಿನಂತೆ ಕಾಣುತ್ತದೆ. ಕುಂಚದ ಬರಹದಂಥ ಫಾಂಟುಗಳು ಹೋಟೆಲಿನ ಹೆಸರಿಗೆ ಚೆಂದ, ತಿಂಡಿಯ ಪಟ್ಟಿಗೆ ಬೇಡ. ಹೆಸರನ್ನು ಗಿರಾಕಿ ಚಿತ್ರದಂತೆ ಗುರುತಿಸುತ್ತಾನೆ, ಪಟ್ಟಿಯನ್ನು ಮಾತ್ರ ಓದುತ್ತಾನೆ.

ದಪ್ಪ ಎಷ್ಟಿರಬೇಕು ಎಂಬುದನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ. ಈ ಸಾಲನ್ನು 40 ಮಿ.ಮೀ. ‘ಗ’ಕ್ಕೆ ಸರಿಹೊಂದಿಸಿ, 400ರಿಂದ 800ರವರೆಗಿನ ಐದೂ ದಪ್ಪಗಳಲ್ಲಿ ಒಂದರ ಕೆಳಗೊಂದು ಇಡಿ:

ಬೆಣ್ಣೆ ಉಪ್ಪಿಟ್ಟು ಅಕ್ಕಿ ರೊಟ್ಟಿ ಇಡ್ಲಿ ಪಡ್ಡು ಖಾರಾಬಾತ್

ಪ್ರತಿ ಸಾಲಿನಲ್ಲಿ ಅತಿ ಚಿಕ್ಕ ಸಂದು ಹುಡುಕಿ ಅಳೆಯಿರಿ. ‘ಣ್ಣೆ’ಯ ಒತ್ತಿನಲ್ಲೋ ‘ಟ್ಟು’ವಿನ ಒತ್ತಿನಲ್ಲೋ ಅದು ಸಿಗುತ್ತದೆ. 3 ಮಿ.ಮೀ. ಉಳಿಸಿಕೊಂಡಿರುವ ಅತಿ ದಪ್ಪ ಸಾಲು ಯಾವುದೋ ಅದೇ ನಿಮ್ಮದು. ಸಾಮಾನ್ಯವಾಗಿ 500 ಅಥವಾ 600ರಲ್ಲಿ ನಿಲ್ಲುತ್ತದೆ. ಬೋರ್ಡಿನ ಹಿಂದಿನಿಂದ ಬೆಳಕು ಬರುವುದಾದರೆ, ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಅಕ್ಷರ ಬೆಳಕು ಚೆಲ್ಲಿ ಊದಿಕೊಳ್ಳುತ್ತದೆ, ಸಂದು ಇನ್ನಷ್ಟು ಮುಚ್ಚುತ್ತದೆ. ಅಲ್ಲಿ ಒಂದು ಮೆಟ್ಟಿಲು ತೆಳು ಮಾಡಿ. ಬೆಳಗುವ ಬಿಳಿಯ ಮೇಲೆ ಕಪ್ಪು ಅಕ್ಷರವಾದರೆ ತದ್ವಿರುದ್ಧ: ಬೆಳಕು ಗೆರೆಯನ್ನೇ ಕೊರೆಯುತ್ತದೆ, ಒಂದು ಮೆಟ್ಟಿಲು ದಪ್ಪ ಮಾಡಬಹುದು.

ಬೋರ್ಡಿನಲ್ಲಿ ಎಷ್ಟು ತಿಂಡಿ ಹಿಡಿಸುತ್ತದೆ

ಎಂಟಕ್ಕೆ ಮೂರು ಅಡಿ ಅಂದರೆ 2440ಕ್ಕೆ 915 ಮಿ.ಮೀ. ಮೇಲೆ ಕೆಳಗೆ 40 ಬಿಟ್ಟರೆ 835 ಉಳಿಯುತ್ತದೆ. ‘ಗ’ 40 ಇದ್ದಾಗ ಗುಡಿಸು, ಎತ್ವ ಮೊದಲಾದವಕ್ಕೆ ಮೇಲೆ ಸುಮಾರು 10, ಒತ್ತಿಗೆ ಕೆಳಗೆ ಸುಮಾರು 24, ಸಾಲುಗಳ ನಡುವೆ ಉಸಿರಾಡಲು 22 ಬೇಕು. ಒಟ್ಟು 96. ಅಂದರೆ ಸಾಲಿನ ಅಂತರ ‘ಗ’ದ ಎತ್ತರದ 2.4 ಪಟ್ಟು. ಇಂಗ್ಲಿಷ್ ಅಭ್ಯಾಸದ ಅಂತರವನ್ನೇ ಇಟ್ಟರೆ ಮೇಲಿನ ‘ಉಪ್ಪಿಟ್ಟು’ವಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳ ಮೇಲೆ ಕೂರುತ್ತವೆ. ಅಕ್ಷರ ಎಷ್ಟೇ ದೊಡ್ಡದಿದ್ದರೂ ಓದುವವರಿಗೆ ಎರಡು ಸಾಲು ಒಂದೇ ಗಂಟಾಗಿ ಕಾಣುತ್ತದೆ.

ಬರೀ ಕನ್ನಡವಾದರೆ 835ರಲ್ಲಿ ಎಂಟು ಸಾಲು ಹಿಡಿಸುತ್ತವೆ. ಮೂರು ಅಂಕಣ ಮಾಡಿದರೆ 24 ತಿಂಡಿ. ಇಂಗ್ಲಿಷ್ ಹೆಸರೂ ಬೇಕೆಂದರೆ ಅದನ್ನು ಕನ್ನಡದ ಕೆಳಗೆ 20 ಮಿ.ಮೀ. ದೊಡ್ಡಕ್ಷರದ ಎತ್ತರದಲ್ಲಿ ಇಡಬೇಕಾಗುತ್ತದೆ. ಹತ್ತು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಇದು ಎರಡೂವರೆ ಮೀಟರಿನ ಒಳಗೆ, ಗಿರಾಕಿ ಕೌಂಟರಿಗೆ ಹತ್ತಿರ ಬಂದಾಗ, ಆರಾಮಾಗಿ ಓದಿಸಿಕೊಳ್ಳುತ್ತದೆ. ಆದರೆ ಅದು ಒತ್ತುಗಳ ಕೆಳಗಿನಿಂದ ಶುರುವಾಗಬೇಕು. ‘ಕೇಸರಿಬಾತ್’ ಬರೆದು ನೋಡಿ ಅಂತರ ನಿಗದಿ ಮಾಡಿದರೆ ‘ಇಡ್ಲಿ’ ಬಂದಾಗ ‘ಡ್ಲಿ’ಯ ಒತ್ತು ಇಂಗ್ಲಿಷ್ ಅಕ್ಷರದ ತಲೆಗೆ ತಾಗುತ್ತದೆ. ಹಾಗಾಗಿ ಅಂತರವನ್ನು ಯಾವಾಗಲೂ ಒತ್ತಿರುವ ಪದದಿಂದ ನಿಗದಿ ಮಾಡಿ. ಆಗ ಒಂದು ತಿಂಡಿಗೆ 130 ಮಿ.ಮೀ. ಆಗುತ್ತದೆ, ಆರು ಸಾಲು, 18 ತಿಂಡಿ.

ಮಿಕ್ಕ ಆರನ್ನು ಏನು ಮಾಡುವುದು? ಇಲ್ಲಿಯೇ ಮಾಲೀಕರು ‘ಅಕ್ಷರ ಸ್ವಲ್ಪ ಚಿಕ್ಕದು ಮಾಡಿ’ ಎನ್ನುವುದು. ಒಪ್ಪಬೇಡಿ. ಕಾಫಿ, ಟೀ, ಬಾದಾಮಿ ಹಾಲಿನಂಥವು ಕಾಫಿ ಕೌಂಟರಿನ ಮೇಲೆ ಪುಟ್ಟ ಬೋರ್ಡಾಗಿ ಹೋಗಲಿ. ಅಲ್ಲಿ ಓದುವ ದೂರ ಒಂದೂವರೆ ಮೀಟರ್, ‘ಗ’ 15 ಮಿ.ಮೀ. ಇದ್ದರೆ ಸಾಕು.

ಅಗಲದ ಲೆಕ್ಕ ಇಷ್ಟು: ಅಂಚು ಮತ್ತು ಅಂಕಣಗಳ ನಡುವಿನ ಜಾಗ ಬಿಟ್ಟರೆ ಪ್ರತಿ ಅಂಕಣಕ್ಕೆ 720 ಮಿ.ಮೀ. ಸಿಗುತ್ತದೆ. ಬೆಲೆಗೆ 110 ಇಟ್ಟರೆ ಹೆಸರಿಗೆ 610. ‘ಬೆಣ್ಣೆ ಮಸಾಲೆ ದೋಸೆ’ 40 ಮಿ.ಮೀ.ನಲ್ಲಿ ಇದರೊಳಗೆ ಸಲೀಸಾಗಿ ಹಿಡಿಸುತ್ತದೆ. ಅದಕ್ಕಿಂತ ಉದ್ದದ ಹೆಸರಿದ್ದರೆ ಎಲ್ಲ ಹೆಸರುಗಳನ್ನೂ ಕಿರಿದಾದ ರೂಪಕ್ಕೆ ಬದಲಿಸಿ, ಒಂದನ್ನು ಮಾತ್ರ ಬದಲಿಸಬೇಡಿ. ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸುವುದೂ ಬೇಡ. ಇಂಗ್ಲಿಷಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಕನ್ನಡದಲ್ಲಿ ‘ದೋ’ದ ದೀರ್ಘ ಅಕ್ಷರದಿಂದ ಕಳಚಿ ದೂರ ನಿಲ್ಲುತ್ತದೆ.

ಬೆಲೆ

ಅಂಕಿಗಳ ಎತ್ತರ ‘ಗ’ದಷ್ಟೇ ಇರಲಿ ಅಥವಾ ಕೂದಲೆಳೆ ಹೆಚ್ಚಿರಲಿ, ದಪ್ಪ ಒಂದು ಮೆಟ್ಟಿಲು ಜಾಸ್ತಿ. ಅಂಕಿಗಳೊಳಗೆ ಜಾಗ ಧಾರಾಳವಾಗಿರುವುದರಿಂದ ಅವು ದಪ್ಪವನ್ನು ತಡೆದುಕೊಳ್ಳುತ್ತವೆ. ಆದರೆ 3, 6, 9ರ ಬಾಯಿ ತೆರೆದಿರುವ ಫಾಂಟೇ ಆಗಬೇಕು. ಬಾಯಿ ಒಳಕ್ಕೆ ಮಡಚಿಕೊಂಡಿದ್ದರೆ 35 ಮತ್ತು 85, 60 ಮತ್ತು 80 ದೂರದಿಂದ ಒಂದೇ. ಕೌಂಟರಿನಲ್ಲಿ ಜಗಳ ಹುಟ್ಟುವುದು ಇಂಥಲ್ಲೇ. ರೂಪಾಯಿ ಚಿಹ್ನೆಯನ್ನು ಪ್ರತಿ ಸಾಲಿನಲ್ಲೂ ಹಾಕುವ ಅಗತ್ಯವಿಲ್ಲ. ಆ ಚಿಹ್ನೆ ಬಂದದ್ದು 2010ರಲ್ಲಿ, ಅದಕ್ಕೂ ಹಿಂದಿನ ಫಾಂಟುಗಳಲ್ಲಿ ಅದು ಇರುವುದಿಲ್ಲ, ಖಾಲಿ ಚೌಕ ಅಚ್ಚಾಗುತ್ತದೆ. ಹೆಸರಿಂದ ಬೆಲೆಗೆ ಚುಕ್ಕೆಗಳ ಸಾಲು ಎಳೆಯುವ ಬದಲು ಒಂದು ಬಿಟ್ಟು ಒಂದು ಸಾಲಿನ ಹಿಂದೆ ತೆಳು ಬಣ್ಣದ ಪಟ್ಟಿ ಕೊಡಿ. ಚುಕ್ಕೆಗಳು ದೂರದಿಂದ ಬೂದು ಗೆರೆಯಾಗಿ ಕಂಡು ಒತ್ತಕ್ಷರಗಳೊಂದಿಗೆ ಬೆರೆಯುತ್ತವೆ.

ಬಣ್ಣ

ಫಾಂಟ್ ಎಷ್ಟೇ ಸರಿಯಿದ್ದರೂ ಬಣ್ಣ ಅದನ್ನು ಕೆಡಿಸಬಲ್ಲದು. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತವನ್ನು ಇಂಟರ್ನೆಟ್ಟಿನಲ್ಲಿ ಸಿಗುವ ಯಾವ ಕಾಂಟ್ರಾಸ್ಟ್ ಚೆಕ್ಕರಿನಲ್ಲಾದರೂ ನೋಡಬಹುದು. ಫ್ಲೆಕ್ಸ್ ಅಂಗಡಿಯ ಮೆಚ್ಚಿನ ಅಚ್ಚ ಕೆಂಪಿನ ಮೇಲಿನ ಅಚ್ಚ ಹಳದಿಗೆ ಸಿಗುವುದು 3.7 ಮಾತ್ರ. ಅದೇ ಹಳದಿಯನ್ನು ಕುಂಕುಮದ ಗಾಢ ಬಣ್ಣದ, ಅಂದರೆ `#800000`ದ ಮೇಲಿಟ್ಟರೆ 10 ದಾಟುತ್ತದೆ. ಹೋಟೆಲಿನ ಕೆಂಪು–ಹಳದಿ ಗುರುತೂ ಉಳಿಯುತ್ತದೆ, ಓದುವುದಕ್ಕೂ ಆಗುತ್ತದೆ. ಗೋಡೆ ಮೆನುವಿಗೆ 7ಕ್ಕಿಂತ ಕೆಳಗೆ ಇಳಿಯಬೇಡಿ. ಹಸಿರಿನ ಮೇಲೆ ಕೆಂಪು ಎಂದೂ ಬೇಡ: `#008000` ಮೇಲೆ ಅಚ್ಚ ಕೆಂಪು 1.3ರಲ್ಲಿ ನಿಲ್ಲುತ್ತದೆ, ಹೆಚ್ಚುಕಡಿಮೆ ಒಂದೇ ಬಣ್ಣದಂತೆ. ದೋಸೆಯ ಫೋಟೋ ಮೇಲೆ ಅಕ್ಷರ ಬರೆಯುವುದನ್ನೂ ಬಿಡಿ. ಹೊಳೆಯುವ ಬೆಣ್ಣೆ ಇರುವ ಕಡೆ ಬಿಳಿ ಅಕ್ಷರ ಮಾಯವಾಗುತ್ತದೆ, ಕಾವಲಿಯ ಕಪ್ಪಿನ ಮೇಲೆ ಕಪ್ಪಕ್ಷರ ಮಾಯವಾಗುತ್ತದೆ.

ಪೋಸ್ಟರ್: ಒಂದು ಹಾಳೆ, ಮೂರು ದೂರ

ಬಾಗಿಲ ಬಳಿಯ ಪೋಸ್ಟರನ್ನು ರಸ್ತೆಯ ಆಚೆಯವರು 10 ಮೀಟರಿನಿಂದ, ಫುಟ್‌ಪಾತಿನಲ್ಲಿ ನಡೆಯುವವರು 3 ಮೀಟರಿನಿಂದ, ನಿಂತವರು ಒಂದು ಮೀಟರಿನಿಂದ ನೋಡುತ್ತಾರೆ. ಹಾಗಾಗಿ ‘ಗ’ಕ್ಕೆ ಮೂರೇ ಎತ್ತರ: 100, 30, 10 ಮಿ.ಮೀ. ನಡುವಿನ ಸೈಜುಗಳು ಯಾರಿಗೂ ಉಪಯೋಗವಿಲ್ಲ.

610 ಮಿ.ಮೀ. ಅಗಲದ ಹಾಳೆಯಲ್ಲಿ 100 ಮಿ.ಮೀ. ಅಕ್ಷರ ಬಹಳ ಹಿಡಿಸುವುದಿಲ್ಲ. ‘ಅಕ್ಕಿ’ ಒಂದು ಸಾಲು, ‘ರೊಟ್ಟಿ’ ಇನ್ನೊಂದು. ಸಾಲಿನ ಅಂತರ 240, ಎರಡಕ್ಕೆ 480. ಉಳಿದ ನಾನೂರು ಚಿಲ್ಲರೆಯಲ್ಲಿ ಬೆಲೆಯನ್ನು ಮತ್ತೆ 100ರಲ್ಲಿ ಇಡಿ, ‘ಬೆಣ್ಣೆ, ಚಟ್ನಿ ಜೊತೆಗೆ’ ಎಂಬುದನ್ನು 30ರಲ್ಲಿ, ಸಮಯ ಮತ್ತು ಫೋನ್ ನಂಬರನ್ನು 10ರಲ್ಲಿ. ದೊಡ್ಡ ಪದಗಳಿಗೆ ಬಾಲೂ ತಮ್ಮ 2, ಉಳಿದದ್ದಕ್ಕೆ ಅನೇಕ್. ಬಾಲೂವಿನ 800 ದಪ್ಪ ಆಸೆ ಹುಟ್ಟಿಸುತ್ತದೆ, ಆದರೆ ಇಲ್ಲೂ ಸಂದಿನ ಲೆಕ್ಕವೇ: 10 ಮೀಟರಿಗೆ ಸುಮಾರು 7.5 ಮಿ.ಮೀ. ಬೇಕು. ‘ಕ್ಕಿ’ಯ ಒತ್ತನ್ನು ಅಳೆದು, ಸಾಲದಿದ್ದರೆ 700ಕ್ಕೋ 600ಕ್ಕೋ ಇಳಿಯಿರಿ. ‘ಇಂದಿನ ವಿಶೇಷ’ ಎಂಬುದನ್ನು 100ರಲ್ಲಿ ಬರೆದು ತಿಂಡಿಯ ಹೆಸರನ್ನು 30ಕ್ಕೆ ಇಳಿಸಿದ ಪೋಸ್ಟರುಗಳು ಬೇಕಾದಷ್ಟಿವೆ. ರಸ್ತೆಯಾಚೆಯವರಿಗೆ ವಿಶೇಷ ಇದೆ ಎಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ.

ಹೊರಗಿನ ನಾಮಫಲಕ ಇದೇ ಕೆಲಸದ ಜೊತೆಗೆ ಬಂದರೆ ನೆನಪಿಡಿ: ಕರ್ನಾಟಕದಲ್ಲಿ 2024ರ ತಿದ್ದುಪಡಿಯ ಪ್ರಕಾರ ಅದರಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಕನ್ನಡದ ‘ಗ’ವನ್ನು ಮೊದಲು ನಿಗದಿ ಮಾಡಿ ಇಂಗ್ಲಿಷನ್ನು ಆಮೇಲೆ ಹೊಂದಿಸಿದರೆ ಇದಕ್ಕೆ ಬೇರೆ ಒದ್ದಾಟ ಬೇಕಿಲ್ಲ.

ಹತ್ತನೇ ಒಂದರ ಪರೀಕ್ಷೆ

ಫ್ಲೆಕ್ಸಿಗೆ ದುಡ್ಡು ಕೊಡುವ ಮುಂಚೆ ಬೋರ್ಡನ್ನು ಹತ್ತನೇ ಒಂದು ಅಳತೆಗೆ ಇಳಿಸಿ, 244ಕ್ಕೆ 91.5 ಮಿ.ಮೀ., ಎ4 ಹಾಳೆಯಲ್ಲಿ ಲೇಸರ್ ಪ್ರಿಂಟ್ ತೆಗೆಯಿರಿ. ದೂರವನ್ನೂ ಹತ್ತನೇ ಒಂದಕ್ಕೆ ಇಳಿಸಿ: 40 ಸೆಂ.ಮೀ. ಕಣ್ಣಿಗೆ ಎರಡೂ ಒಂದೇ ಗಾತ್ರ. ಪ್ರಿಂಟ್ ಮಾಡುವಾಗ ‘ಹಾಳೆಗೆ ಹೊಂದಿಸು’ ಆಯ್ಕೆ ತೆಗೆದು 100% ಇಡಿ, ಇಲ್ಲದಿದ್ದರೆ ಅಳತೆಯೇ ತಪ್ಪುತ್ತದೆ.

ಹಾಳೆಯನ್ನು ಮೆನು ಗೊತ್ತಿಲ್ಲದವರಿಗೆ ತೋರಿಸಿ. ಐವತ್ತು ದಾಟಿದವರಾದರೆ ಇನ್ನೂ ಒಳ್ಳೆಯದು, ಹೋಟೆಲಿನಲ್ಲಿ ಹಾಕಿಕೊಳ್ಳುವ ಕನ್ನಡಕವನ್ನೇ ಹಾಕಿಕೊಳ್ಳಲಿ. ಹತ್ತಿರದ ದೃಷ್ಟಿ ಮಂದವಾದವರಿಗೆ 40 ಸೆಂ.ಮೀ. ಹಾಳೆ ಮೋಸ ಮಾಡುವುದರಿಂದ, ಅಂಥವರಿಗೆ ಎರಡು ಸಾಲನ್ನು ನಿಜ ಅಳತೆಯಲ್ಲಿ ಎ3 ಹಾಳೆಗಳಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ 4 ಮೀಟರಿನಿಂದ ಓದಿಸಿ. ‘ಕಾಣುತ್ತಾ?’ ಎಂದು ಕೇಳಿದರೆ ಎಲ್ಲರೂ ‘ಹೂಂ’ ಎನ್ನುತ್ತಾರೆ. ‘ಮೂವತ್ತೈದು ರೂಪಾಯಿಗೆ ಏನೇನಿದೆ?’ ಎಂದು ಕೇಳಿ. ಕಣ್ಣು ಕಿರಿದು ಮಾಡಿದ, ಕುತ್ತಿಗೆ ಮುಂದೆ ಚಾಚಿದ, ಸಾಲು ತಪ್ಪಿ ಪಕ್ಕದ ತಿಂಡಿ ಓದಿದ ಜಾಗವನ್ನು ಗುರುತು ಹಾಕಿಕೊಳ್ಳಿ.

ಪ್ರಿಂಟಿನವರಿಗೆ ಕೊಡುವಾಗ

ಮೊದಲ ಅಪಾಯ, ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಎರಡನೆಯದು, ಅವರ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ. ‘ದರ್ಶಿನಿ’ ಎಂಬ ಪದವೇ ಇದಕ್ಕೆ ಸರಿಯಾದ ಪರೀಕ್ಷೆ: ಅರ್ಕಾವೊತ್ತು ‘ಶಿ’ಯ ಬಲಕ್ಕೆ ಬರಬೇಕು. ‘ದರ್‌ಶಿನಿ’ ಎಂದು ‘ರ್’ ಬಿಡಿಯಾಗಿ ಮೊದಲೇ ನಿಂತಿದ್ದರೆ ಜೋಡಣೆ ಕೆಟ್ಟಿದೆ ಎಂದರ್ಥ. ಇಲಸ್ಟ್ರೇಟರಿನಲ್ಲಿ ಹೀಗಾದರೆ ಸೆಟ್ಟಿಂಗಿನ ಟೈಪ್ ವಿಭಾಗದಲ್ಲಿ `Show Indic Options` ಆನ್ ಮಾಡಿ, ಪ್ಯಾರಾಗ್ರಾಫ್ ಪಟ್ಟಿಯಲ್ಲಿ ಭಾರತೀಯ ಭಾಷೆಗಳ ಕಂಪೋಸರ್ ಆರಿಸಬೇಕು. ಹಳೆಯ ಕೋರೆಲ್ ಇರುವ ಅಂಗಡಿಗಳಲ್ಲಿ ದಪ್ಪ ಬದಲಿಸಬಹುದಾದ ವೇರಿಯಬಲ್ ಫಾಂಟ್ ಕೆಲಸ ಮಾಡುವುದಿಲ್ಲ. ಡೌನ್‌ಲೋಡ್ ಆದ ಜಿಪ್‌ನೊಳಗಿನ `static` ಫೋಲ್ಡರಿನ ಬಿಡಿ ಫೈಲುಗಳನ್ನು ಹಾಕಿ.

ಎಲ್ಲಕ್ಕಿಂತ ಕ್ಷೇಮ, ನಿಮ್ಮಲ್ಲೇ ಎಲ್ಲ ಅಕ್ಷರವನ್ನೂ ಆಕೃತಿಯಾಗಿ ಬದಲಿಸಿ ಪಿಡಿಎಫ್ ಕೊಡುವುದು. ಇಂಕ್‌ಸ್ಕೇಪಿನಲ್ಲಿ `Shift+Ctrl+C`, ಕೋರೆಲ್‌ನಲ್ಲಿ `Ctrl+Q`. ಹಾಗೆ ಮಾಡಿದ ಮೇಲೆ ತಿದ್ದಲು ಆಗುವುದಿಲ್ಲ, ಆದ್ದರಿಂದ ಮೂಲ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿ ಬಂದರೆ ಅದನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಮುಂದುವರಿಯಿರಿ, ಸುಮ್ಮನೆ ಫಾಂಟ್ ಬದಲಿಸಿದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಬರುತ್ತದೆ. ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಕೇಳಿ, ಬೋರ್ಡಿನ ಮೇಲಂಚನ್ನು ತುಸು ಮುಂದಕ್ಕೆ ಬಾಗಿಸಿ ಕಟ್ಟಿಸಿ. ಟ್ಯೂಬ್‌ಲೈಟಿನ ಪ್ರತಿಬಿಂಬ ಗಿರಾಕಿಯ ಕಣ್ಣಿಗೆ ಬದಲು ನೆಲಕ್ಕೆ ಹೋಗುತ್ತದೆ.

ಬೆಲೆಗಳನ್ನು ಫ್ಲೆಕ್ಸಿನಲ್ಲಿ ಅಚ್ಚು ಹಾಕಿಸದೆ, ಅದೇ ಫಾಂಟಿನಲ್ಲಿ ಕತ್ತರಿಸಿದ ವಿನೈಲ್ ಅಂಕಿಗಳನ್ನು ಅಂಟಿಸುವುದು ಮೇಲು. ಸೊನ್ನೆಯಿಂದ ಒಂಬತ್ತರವರೆಗೆ ಪ್ರತಿಯೊಂದರ ಹತ್ತು ಹೆಚ್ಚುವರಿ ಅಂಕಿ ಮಾಡಿಸಿ ಕವರಿನಲ್ಲಿಡಿ, 5 ಮತ್ತು 0 ಇಪ್ಪತ್ತಿರಲಿ. ಕವರಿನ ಮೇಲೆ ಫಾಂಟಿನ ಹೆಸರು, ದಪ್ಪ, ಅಂಕಿಯ ಎತ್ತರ ಬರೆದಿಡಿ. ಕಾಯಿ ಬೆಲೆ ಏರಿ ದೋಸೆಯ ದರ ಬದಲಾದ ದಿನ, ಬಾಲ್‌ಪೆನ್ನಿನಲ್ಲಿ ತಿದ್ದಿದ ಬಿಳಿ ಸ್ಟಿಕ್ಕರಿನ ಬದಲು ಅದೇ ಅಂಕಿ ಅದೇ ಜಾಗದಲ್ಲಿ ಕೂರುತ್ತದೆ.